ಆಂಟೆನಾ ಕಳಚಿದರೂ ಮೀಟರ್ ಸುಮ್ಮನಿರುವುದೇಕೆ?

ತಾರಸಿಯ ಮೇಲೊಂದು ಆಂಟೆನಾ, ಕೆಳಗಿನ ಕೋಣೆಯಲ್ಲಿ ಹ್ಯಾಮ್ ರೇಡಿಯೋ ಸೆಟ್. ಸೆಟ್ಟಿನದು 145 ಮೆಗಾಹರ್ಟ್ಸ್‌ನಲ್ಲಿ 50 ವಾಟ್ ಶಕ್ತಿ. ಎರಡರ ನಡುವೆ 30 ಮೀಟರ್ ಉದ್ದದ ಆರ್‌ಜಿ-58 ಕೇಬಲ್, ಕಿರುಬೆರಳಿಗಿಂತ ತೆಳ್ಳಗಿನ, ಅಗ್ಗದ, ಎಲ್ಲೆಡೆ ಸಿಗುವ ಕಪ್ಪು ಕೇಬಲ್. ಸೆಟ್ಟಿನ ಪಕ್ಕದಲ್ಲಿ ಎಸ್‌ಡಬ್ಲ್ಯುಆರ್ ಮೀಟರ್. ಈಗ ಯಾರೋ ತಾರಸಿಗೆ ಹೋಗಿ ಆಂಟೆನಾವನ್ನೇ ಕಳಚಿಟ್ಟರು ಎಂದುಕೊಳ್ಳಿ. ಕೇಬಲಿನ ಮೇಲ್ತುದಿ ಬರಿದಾಗಿದೆ. ಕೆಳಗೆ ಕೂತವರು ಮೈಕಿನ ಗುಂಡಿ ಒತ್ತಿದರೆ ಮೀಟರ್ ಏನು ತೋರಿಸಬೇಕು?

ತುದಿಯಲ್ಲಿ ಏನೂ ಇಲ್ಲದಿದ್ದರೆ ಎಸ್‌ಡಬ್ಲ್ಯುಆರ್ ಅನಂತ ಎನ್ನುತ್ತದೆ ಪುಸ್ತಕ. ಈ ಮೀಟರ್ ಮಾತ್ರ ಸುಮಾರು 1.7 ತೋರಿಸುತ್ತದೆ. ಎರಡಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ ಎಂಬುದು ಹ್ಯಾಮ್‌ಗಳಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಆ ಲೆಕ್ಕದಲ್ಲಿ ಆಂಟೆನಾ ಇಲ್ಲದ ಈ ವ್ಯವಸ್ಥೆಯೂ ಪಾಸು! ಮೀಟರ್ ಕೆಟ್ಟಿಲ್ಲ, ಅದು ಹೇಳುತ್ತಿರುವುದು ನಿಜವೇ. ಆದರೆ ಅದು ಉತ್ತರಿಸುತ್ತಿರುವ ಪ್ರಶ್ನೆ ನಾವು ಕೇಳಿದ ಪ್ರಶ್ನೆಯಲ್ಲ. ಯಾಕೆಂದು ತಿಳಿಯಲು ಕೇಬಲಿನೊಳಗೆ ಹೊರಟ ಅಲೆಯ ಜೊತೆ ಸ್ವಲ್ಪ ದೂರ ಹೋಗಬೇಕು.

ಕೇಬಲಿನ ಮೇಲೆ 50 ಓಮ್ ಎಂದು ಬರೆದಿರುತ್ತದೆ. ಮಲ್ಟಿಮೀಟರ್ ಹಿಡಿದು ಅಳೆದರೆ ಆ 50 ಎಲ್ಲೂ ಸಿಗುವುದಿಲ್ಲ. ಅದು ತಂತಿಯ ಪ್ರತಿರೋಧವಲ್ಲ. ರೇಡಿಯೋ ಅಲೆ ಕೇಬಲಿನೊಳಗೆ ಸಾಗುವಾಗ ಅದರ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತ ಅದು. ನಡುವಿನ ತಂತಿಯ ದಪ್ಪ, ಹೊರಗಿನ ಜಾಲರಿಯ ಅಗಲ, ನಡುವೆ ತುಂಬಿದ ಪ್ಲಾಸ್ಟಿಕ್ಕಿನ ಗುಣ, ಇವು ಸೇರಿ ಅದನ್ನು ನಿರ್ಧರಿಸುತ್ತವೆ. ಕೇಬಲಿನ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಕೇಬಲಿನ ವಿಶಿಷ್ಟ ಇಂಪೀಡೆನ್ಸ್ ಎನ್ನುತ್ತಾರೆ. 1880ರ ದಶಕದಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಟೆಲಿಗ್ರಾಫ್ ತಂತಿಗಳ ಗಣಿತವನ್ನು ಬಿಡಿಸುತ್ತಾ ಈ ತಿಳಿವಳಿಕೆಗೆ ಅಡಿಪಾಯ ಹಾಕಿದ. ಐವತ್ತೇ ಯಾಕೆ ಎಂದರೆ ಅದೊಂದು ರಾಜಿ. ಒಳಗೆ ಗಾಳಿಯಷ್ಟೇ ಇರುವ ಕೇಬಲಿನಲ್ಲಿ ನಷ್ಟ ಅತಿ ಕಡಿಮೆಯಾಗುವುದು 77 ಓಮ್ ಹತ್ತಿರ, ಅತಿ ಹೆಚ್ಚು ಶಕ್ತಿ ಸಾಗಿಸಬಲ್ಲದ್ದು 30 ಓಮ್ ಹತ್ತಿರ. ಐವತ್ತು ಎರಡರ ನಡುವೆ ಬರುತ್ತದೆ. ಸಿಗ್ನಲ್ ಸ್ವೀಕರಿಸುವುದಷ್ಟೇ ಕೆಲಸವಾದ ಟಿವಿ ಕೇಬಲಿಗೆ 75 ಓಮ್ ಒಪ್ಪಿಗೆಯಾಯಿತು.

ಹೊರಟ ಅಲೆಗೆ ಕೇಬಲಿನ ಆಚೆ ತುದಿಯಲ್ಲಿ ಏನಿದೆಯೆಂದು ತಿಳಿಯುವ ದಾರಿಯಿಲ್ಲ. 50 ವೋಲ್ಟಿನ ಅಲೆಯಾದರೆ ಅದರ ಜೊತೆ 1 ಆಂಪಿಯರ್ ಕರೆಂಟ್ ಹೊರಡುತ್ತದೆ, ಕೇಬಲಿನ ಅನುಪಾತ ಹಾಗಿದೆ. ತುದಿಯಲ್ಲಿ 50 ಓಮ್‌ನ ಆಂಟೆನಾ ಇದ್ದರೆ ಅದು ಬಯಸುವುದೂ ಅದೇ ಅನುಪಾತ. ಅಲೆ ಪೂರ್ತಿ ಒಳಗೆ ಹೋಗುತ್ತದೆ, ಕತೆ ಅಲ್ಲಿಗೆ ಮುಗಿಯುತ್ತದೆ. ಆದರೆ ಆಂಟೆನಾದ ಇಂಪೀಡೆನ್ಸ್ 150 ಓಮ್ ಇದ್ದರೆ? ಅಲ್ಲಿ ಒಂದು ಆಂಪಿಯರಿಗೆ 150 ವೋಲ್ಟ್ ಬೇಕು, ಬಂದಿರುವುದು 50. ಲೆಕ್ಕ ಹೊಂದುವುದಿಲ್ಲ. ಪ್ರಕೃತಿ ಇದನ್ನು ಸರಿದೂಗಿಸುವ ಬಗೆ ಒಂದೇ: ಅಲೆಯ ಒಂದು ಪಾಲು ಹಿಂದಿರುಗುತ್ತದೆ. ಇಲ್ಲಿ 25 ವೋಲ್ಟ್, ಅರ್ಧ ಆಂಪಿಯರಿನ ಅಲೆ ವಾಪಸು ಹೊರಡುತ್ತದೆ. ತುದಿಯಲ್ಲಿ ಹೋದ ಮತ್ತು ಬಂದ ವೋಲ್ಟೇಜುಗಳು ಕೂಡುತ್ತವೆ, 75. ಕರೆಂಟುಗಳು ಎದುರುಬದುರು ಹರಿಯುವುದರಿಂದ ಕಳೆಯುತ್ತವೆ, ಅರ್ಧ ಆಂಪಿಯರ್. 75 ವೋಲ್ಟನ್ನು ಅರ್ಧ ಆಂಪಿಯರಿನಿಂದ ಭಾಗಿಸಿದರೆ 150 ಓಮ್. ಲೆಕ್ಕ ಕೂಡಿತು. ಹೋದದ್ದು 50 ವಾಟ್, ಹಿಂದೆ ಬಂದದ್ದು 12.5, ಆಂಟೆನಾಗೆ ಸಂದದ್ದು 37.5.

ಈಗ ಕೇಬಲಿನಲ್ಲಿ ಎರಡು ಅಲೆಗಳು ಒಂದರ ಮೇಲೊಂದು ಸಾಗುತ್ತಿವೆ, ಒಂದು ಆಂಟೆನಾ ಕಡೆಗೆ, ಇನ್ನೊಂದು ಸೆಟ್ಟಿನ ಕಡೆಗೆ. ಕೆಲವು ಜಾಗಗಳಲ್ಲಿ ಅವು ಒಂದೇ ತಾಳದಲ್ಲಿ ಕೂಡಿ ವೋಲ್ಟೇಜ್ 75 ಆಗುತ್ತದೆ. ಅಲ್ಲಿಂದ ಕಾಲು ಅಲೆಯುದ್ದ ಸರಿದರೆ ಒಂದು ಇನ್ನೊಂದಕ್ಕೆ ವಿರುದ್ಧವಾಗಿ ನಿಂತು 25ಕ್ಕೆ ಇಳಿಯುತ್ತದೆ. ಮತ್ತೆ ಕಾಲು ಅಲೆಯುದ್ದ ಹೋದರೆ 75. ಈ ಏರಿಳಿತದ ಜಾಗಗಳು ಕದಲುವುದಿಲ್ಲ. ಅಲೆಗಳೆರಡೂ ಓಡುತ್ತಲೇ ಇದ್ದರೂ ಅವು ಕೂಡಿ ಮೂಡಿಸಿದ ಆಕಾರ ನಿಂತಲ್ಲೇ ನಿಂತಿರುತ್ತದೆ. ಅದೇ ಸ್ಟ್ಯಾಂಡಿಂಗ್ ವೇವ್, ನಿಂತ ಅಲೆ. ಅತಿ ಹೆಚ್ಚಿನ ವೋಲ್ಟೇಜನ್ನು ಅತಿ ಕಡಿಮೆಯದರಿಂದ ಭಾಗಿಸಿದರೆ ಬರುವುದೇ ಎಸ್‌ಡಬ್ಲ್ಯುಆರ್. ಇಲ್ಲಿ 75ಕ್ಕೆ 25, ಅಂದರೆ ಮೂರು.

ಇದನ್ನು ಕಣ್ಣಾರೆ ಕಾಣುವ ದಾರಿಯನ್ನು 1880ರ ದಶಕದ ಕೊನೆಯ ಹೊತ್ತಿಗೆ ಆಸ್ಟ್ರಿಯಾದ ಅರ್ನ್‌ಸ್ಟ್ ಲೆಶರ್ ಚೆನ್ನಾಗಿ ರೂಢಿಸಿದ್ದ. ಪಕ್ಕಪಕ್ಕದಲ್ಲಿ ಬಿಗಿದ ಎರಡು ತಂತಿಗಳಿಗೆ ರೇಡಿಯೋ ಅಲೆ ಕೊಟ್ಟು, ಅವುಗಳ ಮೇಲೆ ಅನಿಲ ತುಂಬಿದ ಚಿಕ್ಕ ಗಾಜಿನ ಕೊಳವೆಯನ್ನು ಸರಿಸುತ್ತಾ ಹೋಗುವುದು. ವೋಲ್ಟೇಜ್ ಹೆಚ್ಚಿರುವಲ್ಲಿ ಕೊಳವೆ ಬೆಳಗುತ್ತದೆ, ಕಡಿಮೆಯಿರುವಲ್ಲಿ ಆರುತ್ತದೆ. ಎರಡು ಬೆಳಕಿನ ಜಾಗಗಳ ನಡುವಿನ ಅಂತರ ಸರಿಯಾಗಿ ಅರ್ಧ ಅಲೆಯುದ್ದ. 145 ಮೆಗಾಹರ್ಟ್ಸ್‌ನಲ್ಲಿ ಈ ಪ್ರಯೋಗ ಮಾಡಿದರೆ ಹೆಚ್ಚುಕಡಿಮೆ ಮೀಟರಿಗೊಂದರಂತೆ ಬೆಳಕು ಸಿಗುತ್ತದೆ. ಗಣಿತವಾಗಿ ಓದಿದ್ದನ್ನು ಸಾಲು ದೀಪದಂತೆ ನೋಡುವ ಈ ಪ್ರಯೋಗ ಪ್ರತಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲೂ ಇರಬೇಕು ಎಂಬುದು ನನ್ನ ಆಸೆ.

ಈಗ ತಾರಸಿಗೆ ವಾಪಸು ಬರೋಣ. ಇಲ್ಲಿಯವರೆಗೆ ಕೇಬಲಿನಲ್ಲಿ ಏನೂ ಸೋರುವುದಿಲ್ಲ ಎಂದುಕೊಂಡೆವು. ನಿಜವಾದ ಕೇಬಲ್ ಹಾಗಲ್ಲ. ತಾಮ್ರದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಅಲೆಯ ಶಕ್ತಿ ಬಿಸಿಯಾಗಿ ಕರಗುತ್ತದೆ, ಫ್ರೀಕ್ವೆನ್ಸಿ ಏರಿದಷ್ಟೂ ಈ ನಷ್ಟವೂ ಏರುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-58 ದಾಟುವಷ್ಟರಲ್ಲಿ ಉಳಿಯುವುದು ಸುಮಾರು ಕಾಲು ಭಾಗ. ಸೆಟ್ಟಿನಿಂದ ಹೊರಟ 50 ವಾಟಿನಲ್ಲಿ ತಾರಸಿ ಸೇರಿದ್ದು 12.5. ಅಲ್ಲಿ ಆಂಟೆನಾ ಇಲ್ಲ, ಅಷ್ಟೂ ವಾಪಸು ತಿರುಗಿತು. ಬರುವ ದಾರಿಯಲ್ಲಿ ಅದರಲ್ಲೂ ಮುಕ್ಕಾಲು ಕರಗಿ, ಮೀಟರ್ ಮುಟ್ಟಿದ್ದು ಮೂರು ವಾಟಿಗಿಂತ ತುಸು ಹೆಚ್ಚು. ಹೋದದ್ದು 50, ಬಂದದ್ದು 3. ಮೀಟರ್ ಬೇರೆ ಏನು ಹೇಳಬೇಕು? 1.7 ಎಂದಿತು.

ಮೀಟರಿಗೆ ಎರಡು ಸಂಗತಿಗಳಷ್ಟೇ ಗೊತ್ತು: ತನ್ನನ್ನು ದಾಟಿ ಎಷ್ಟು ಹೋಯಿತು, ತನ್ನ ಬಳಿಗೆ ಎಷ್ಟು ಮರಳಿತು. ಮರಳದೇ ಇದ್ದದ್ದು ಆಕಾಶಕ್ಕೆ ಹಾರಿತೋ ಕೇಬಲನ್ನು ಬಿಸಿ ಮಾಡಿತೋ ಅದಕ್ಕೆ ತಿಳಿಯದು. ಪರೀಕ್ಷೆಗೆಂದು ಬಳಸುವ ಡಮ್ಮಿ ಲೋಡ್ ಎಂಬ ಸಾಧನವಿದೆ, ಲೋಹದ ಡಬ್ಬಿಯೊಳಗೆ ಕೂತ 50 ಓಮ್‌ನ ರೆಸಿಸ್ಟರ್. ಅದನ್ನು ಜೋಡಿಸಿದರೆ ಎಸ್‌ಡಬ್ಲ್ಯುಆರ್ ಒಂದಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಚೆನ್ನಾದ ಸಂಖ್ಯೆ ಇಲ್ಲ. ಆದರೆ ಪಕ್ಕದ ಬೀದಿಗೂ ನಿಮ್ಮ ದನಿ ಕೇಳುವುದಿಲ್ಲ.

ಇದರ ತಿರುಗುಮುರುಗು ಸಂಗತಿಯೂ ಅಷ್ಟೇ ಕುತೂಹಲದ್ದು. 7 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಇನ್ನೊಬ್ಬ ಹ್ಯಾಮ್ ಇದ್ದಾರೆ ಎನ್ನೋಣ. ಅವರದು 20 ಮೀಟರ್ ಉದ್ದದ ದಪ್ಪನೆಯ ಆರ್‌ಜಿ-213 ಕೇಬಲ್. ಆಂಟೆನಾ ನಮ್ಮ ಲೆಕ್ಕದ 150 ಓಮ್‌ನದೇ, ಎಸ್‌ಡಬ್ಲ್ಯುಆರ್ ಮೂರು. ನಾಲ್ಕನೇ ಒಂದು ಭಾಗ ಶಕ್ತಿ ಹಿಂದಕ್ಕೆ ಬರುತ್ತಿದೆ. 100 ವಾಟಿನ ಸೆಟ್ಟಿನಲ್ಲಿ 25 ವಾಟ್ ಹಾಳಾಯಿತು ಎಂದು ಅವರು ಕೊರಗಬೇಕೆ?

ಬೇಕಿಲ್ಲ. ಹಿಂದಿರುಗಿತು ಎಂದ ಮಾತ್ರಕ್ಕೆ ಕಳೆದುಹೋಯಿತು ಎಂದಲ್ಲ. ಸೆಟ್ಟಿಗೂ ಕೇಬಲಿಗೂ ನಡುವೆ ಟ್ಯೂನರ್ ಎಂಬ ಪೆಟ್ಟಿಗೆ ಇಟ್ಟರೆ, ಅದರೊಳಗಿನ ಕಾಯಿಲ್ ಮತ್ತು ಕೆಪ್ಯಾಸಿಟರುಗಳನ್ನು ಸರಿಹೊಂದಿಸಿ ಮರಳಿದ ಅಲೆಯನ್ನು ಮತ್ತೆ ಆಂಟೆನಾ ಕಡೆಗೆ ತಿರುಗಿಸಬಹುದು. ಅದೂ ಹೊಸದಾಗಿ ಹೊರಡುತ್ತಿರುವ ಅಲೆಯ ತಾಳಕ್ಕೆ ಸರಿಯಾಗಿ. ಹೀಗೆ ತಿರುಗಿ ಹೋದ ಪಾಲು ಹೊಸ ಪಾಲಿನ ಜೊತೆ ಸೇರಿಕೊಳ್ಳುತ್ತದೆ. ನಷ್ಟವಿಲ್ಲದ ಕೇಬಲಿನಲ್ಲಿ, ಟ್ಯೂನರಿನ ಆಚೆಗೊಂದು ಮೀಟರ್ ಇಟ್ಟು ನೋಡಿದರೆ ಅದು ಮುಂದಕ್ಕೆ 133 ವಾಟ್, ಹಿಂದಕ್ಕೆ 33 ವಾಟ್ ತೋರಿಸುತ್ತದೆ. 100 ವಾಟಿನ ಸೆಟ್ಟಿನಿಂದ 133 ಎಲ್ಲಿಂದ ಬಂತು ಎಂದು ಮೊದಲ ಬಾರಿ ನೋಡಿದವರು ಗಾಬರಿಯಾಗುತ್ತಾರೆ. ಹೊಸದಾಗಿ ಏನೂ ಹುಟ್ಟಿಲ್ಲ. 33 ವಾಟಿನ ಪಾಲು ಕೇಬಲಿನೊಳಗೆ ಹೋಗಿ ಬಂದು ಮಾಡುತ್ತಿದೆ, ಆಂಟೆನಾ ಪ್ರತಿ ಕ್ಷಣ ಒಳಗೆಳೆದುಕೊಳ್ಳುತ್ತಿರುವುದು ಪೂರ್ತಿ 100.

ನಿಜವಾದ ಕೇಬಲಿನಲ್ಲಿ ಈ ಓಡಾಟಕ್ಕೊಂದು ಬೆಲೆ ಇದ್ದೇ ಇದೆ, ಆದರೆ ಅದು ಕೇಬಲಿನ ನಷ್ಟದ ಮೇಲೆ ನಿಂತಿದೆ. 7 ಮೆಗಾಹರ್ಟ್ಸ್‌ನಲ್ಲಿ ಆ 20 ಮೀಟರ್ ಆರ್‌ಜಿ-213, ಆಂಟೆನಾ ಸರಿಹೊಂದಿದ್ದರೂ ನೂರರಲ್ಲಿ ಸುಮಾರು 7 ವಾಟ್ ತಿನ್ನುತ್ತದೆ. ಎಸ್‌ಡಬ್ಲ್ಯುಆರ್ ಮೂರು ಇದ್ದಾಗ ತಿನ್ನುವುದು 10ರ ಹತ್ತಿರ. ಕಳೆದುಕೊಂಡಿದ್ದೇವೆ ಎಂದುಕೊಂಡದ್ದು 25 ವಾಟ್, ನಿಜಕ್ಕೂ ಹೆಚ್ಚಾಗಿ ಹೋದದ್ದು ಮೂರೋ ನಾಲ್ಕೋ. ಕೇಳುವವರ ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಟ್ಯೂನರಿನ ಕಾಯಿಲಿನಲ್ಲೂ ಒಂದಿಷ್ಟು ಹೋಗುತ್ತದೆ, ಅದೂ ಸಾಮಾನ್ಯವಾಗಿ ಸಣ್ಣದೇ. ಅಮೆರಿಕದಲ್ಲಿ ಉಪಗ್ರಹಗಳ ಆಂಟೆನಾ ವಿನ್ಯಾಸ ಮಾಡುತ್ತಿದ್ದ ವಾಲ್ಟರ್ ಮ್ಯಾಕ್ಸ್‌ವೆಲ್ ಎಂಬ ಎಂಜಿನಿಯರ್ 1973ರಲ್ಲಿ ಕ್ಯೂಎಸ್‌ಟಿ ಪತ್ರಿಕೆಯಲ್ಲಿ ಲೇಖನಮಾಲೆಯನ್ನೇ ಆರಂಭಿಸಿ ಇದನ್ನು ಹ್ಯಾಮ್‌ಗಳಿಗೆ ಬಿಡಿಸಿ ಹೇಳಿದ. ಆದರೂ ಹಿಂದಿರುಗಿದ್ದೆಲ್ಲ ನಷ್ಟ ಎಂಬ ನಂಬಿಕೆ ಇನ್ನೂ ಹೋಗಿಲ್ಲ.

ಹಾಗಾದರೆ ಇಂಪೀಡೆನ್ಸ್ ಹೊಂದಿಸಲು ಇಷ್ಟು ಒದ್ದಾಡುವುದೇಕೆ? ಕಾರಣ ಬಹುಮಟ್ಟಿಗೆ ಸೆಟ್ಟಿನಲ್ಲಿದೆ. ಈಗಿನ ಸೆಟ್ಟುಗಳ ಕೊನೆಯ ಹಂತದ ಟ್ರಾನ್ಸಿಸ್ಟರುಗಳನ್ನು 50 ಓಮ್ ಎದುರಿಗಿದೆ ಎಂದು ನಂಬಿ ವಿನ್ಯಾಸ ಮಾಡಿರುತ್ತಾರೆ. ಎದುರಿಗೆ ಬೇರೇನೋ ಬಂದರೆ ಅವುಗಳ ಮೇಲೆ ವೋಲ್ಟೇಜೋ ಕರೆಂಟೋ ಮಿತಿ ಮೀರುತ್ತದೆ, ಟ್ರಾನ್ಸಿಸ್ಟರ್ ಸುಡುತ್ತದೆ. ಅದಕ್ಕೇ ಎಸ್‌ಡಬ್ಲ್ಯುಆರ್ ಎರಡರ ಆಸುಪಾಸು ದಾಟುತ್ತಿದ್ದಂತೆ ಸೆಟ್ ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಜೊತೆಗೆ 145 ಮೆಗಾಹರ್ಟ್ಸ್‌ನಂಥ ಎತ್ತರದ ಫ್ರೀಕ್ವೆನ್ಸಿಯಲ್ಲಿ, ತೆಳು ಕೇಬಲಿನಲ್ಲಿ, ಅಲೆಯ ಪ್ರತಿ ಓಡಾಟವೂ ದುಬಾರಿ. ಅಲ್ಲಿ ಟ್ಯೂನರನ್ನು ಸೆಟ್ಟಿನ ಪಕ್ಕ ಇಟ್ಟು ಪ್ರಯೋಜನವಿಲ್ಲ. ಅದು ಸೆಟ್ಟನ್ನು ಸಮಾಧಾನಪಡಿಸುತ್ತದೆ, ಕೇಬಲಿನಲ್ಲಾಗುವ ಸೋರಿಕೆಯನ್ನು ತಡೆಯುವುದಿಲ್ಲ. ಹೊಂದಿಸುವ ಕೆಲಸ ಆಂಟೆನಾದ ಬುಡದಲ್ಲೇ ನಡೆಯಬೇಕು.

ಬುಡದಲ್ಲೇ ಹೊಂದಿಸುವ ಉಪಾಯಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು ತುಂಡು ಟಿವಿ ಕೇಬಲಿನಿಂದ ಆಗುವಂಥದ್ದು. 7.1 ಮೆಗಾಹರ್ಟ್ಸ್‌ಗೆ ಸುಮಾರು 43 ಮೀಟರ್ ತಂತಿಯನ್ನು ತ್ರಿಕೋನವಾಗಿ ಮೂರು ಮರಗಳ ನಡುವೆ ಕಟ್ಟಿದರೆ ಅದೊಂದು ಲೂಪ್ ಆಂಟೆನಾ. ಅದರ ಇಂಪೀಡೆನ್ಸ್ ಎತ್ತರ ಮತ್ತು ಆಕಾರಕ್ಕೆ ತಕ್ಕಂತೆ 100ರಿಂದ 120 ಓಮ್ ಒಳಗೆ ಬರುವುದು ಸಾಮಾನ್ಯ. ನೇರವಾಗಿ 50 ಓಮ್ ಕೇಬಲಿಗೆ ಕಟ್ಟಿದರೆ ಎಸ್‌ಡಬ್ಲ್ಯುಆರ್ ಎರಡರ ಮೇಲೆ. ಇವೆರಡರ ನಡುವೆ ಕಾಲು ಅಲೆಯುದ್ದದ 75 ಓಮ್ ಕೇಬಲ್ ಸೇರಿಸಿದರೆ ಎಸ್‌ಡಬ್ಲ್ಯುಆರ್ ಹೆಚ್ಚುಕಡಿಮೆ ಒಂದಕ್ಕೆ ಇಳಿಯುತ್ತದೆ.

ಇದು ನಡೆಯುವ ರೀತಿ ಹೀಗೆ. ಕೆಳಗಿನಿಂದ ಬಂದ ಅಲೆಗೆ ಈಗ ಎರಡು ಜೋಡಣೆಗಳು ಎದುರಾಗುತ್ತವೆ: 50ರಿಂದ 75ಕ್ಕೆ ದಾಟುವ ಜಾಗ ಒಂದು, 75ರಿಂದ ಆಂಟೆನಾಗೆ ದಾಟುವ ಜಾಗ ಇನ್ನೊಂದು. ಆಂಟೆನಾ 112 ಓಮ್ ಇದ್ದರೆ ಎರಡೂ ಕಡೆ ವೋಲ್ಟೇಜಿನ ಐದನೇ ಒಂದು ಭಾಗ ಹಿಂದಿರುಗುತ್ತದೆ. ಆದರೆ ಎರಡನೆಯ ಕಡೆಯಿಂದ ಹಿಂದಿರುಗಿದ್ದು ಕಾಲು ಅಲೆಯುದ್ದ ಹೋಗಿ, ಕಾಲು ಅಲೆಯುದ್ದ ಬಂದು, ಒಟ್ಟು ಅರ್ಧ ಅಲೆಯುದ್ದ ಹಿಂದೆ ಬಿದ್ದಿರುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಸೆಟ್ಟಿನ ಕಡೆಗೆ ಹೊರಟ ಎರಡೂ ಪಾಲುಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಶಕ್ತಿಯೆಲ್ಲ ಮುಂದಕ್ಕೆ ಸಾಗುತ್ತದೆ. 75 ಓಮ್ ತುಂಡಿನೊಳಗೆ ನಿಂತ ಅಲೆ ಇದ್ದೇ ಇರುತ್ತದೆ, ಕೆಲಸ ಆಗುವುದೇ ಅದರಿಂದ. ಅದರ ಕೆಳಗಿನ ಉದ್ದನೆಯ ಕೇಬಲಿನಲ್ಲಿ ಮಾತ್ರ ಅದು ಇರುವುದಿಲ್ಲ.

ಉದ್ದದ ಲೆಕ್ಕದಲ್ಲಿ ಎಡವುವವರು ಬಹಳ. 7.1 ಮೆಗಾಹರ್ಟ್ಸ್‌ನ ಕಾಲು ಅಲೆಯುದ್ದ ಗಾಳಿಯಲ್ಲಿ 10.56 ಮೀಟರ್. ಕೇಬಲಿನೊಳಗೆ ಅಲೆಯ ವೇಗ ಕಡಿಮೆ, ಆದ್ದರಿಂದ ಅಲೆಯುದ್ದವೂ ಕಡಿಮೆ. ಗಟ್ಟಿ ಪ್ಲಾಸ್ಟಿಕ್ ತುಂಬಿದ ಕೇಬಲಿನಲ್ಲಿ ವೇಗ ಬೆಳಕಿನದರ ಶೇಕಡಾ 66, ಬೇಕಾದ ತುಂಡು 7 ಮೀಟರ್. ಈಗ ಕೇಬಲ್ ಟಿವಿಯವರು ಎಳೆಯುವ ನೊರೆ ಪ್ಲಾಸ್ಟಿಕ್ಕಿನ ಕೇಬಲಿನಲ್ಲಿ ವೇಗ ಶೇಕಡಾ 82ರಿಂದ 85, ತುಂಡು 8.7 ಮೀಟರ್ ಮೇಲೆ. ಎರಡರ ಮೇಲೂ 75 ಓಮ್ ಎಂದೇ ಬರೆದಿರುತ್ತದೆ. ಹಾಗಾಗಿ ತುಸು ಉದ್ದವಾಗಿಯೇ ಕತ್ತರಿಸಿ, ಆಚೆ ತುದಿಯನ್ನು ಬರಿದಾಗಿ ಬಿಟ್ಟು, ಈಚೆ ತುದಿಯನ್ನು ಆಂಟೆನಾ ಅನಲೈಸರಿಗೆ ಜೋಡಿಸಬೇಕು. ಕಾಲು ಅಲೆಯುದ್ದವಾದ ಫ್ರೀಕ್ವೆನ್ಸಿಯಲ್ಲಿ ಬರಿದಾದ ಆ ತುದಿ ಈ ಕಡೆಯಿಂದ ಶಾರ್ಟ್ ಆದಂತೆ ಕಾಣುತ್ತದೆ, ಇಂಪೀಡೆನ್ಸ್ ಸೊನ್ನೆಯ ಹತ್ತಿರ ಕುಸಿಯುತ್ತದೆ. ಆ ಕುಸಿತ 7.1ಕ್ಕೆ ಬರುವವರೆಗೆ ತುಸುತುಸುವೇ ಕತ್ತರಿಸುತ್ತಾ ಬಂದರಾಯಿತು. ಇದು ಒಂದೇ ಬ್ಯಾಂಡಿನ ಪರಿಹಾರ ಎಂಬುದು ಮಾತ್ರ ನೆನಪಿರಲಿ. 14 ಮೆಗಾಹರ್ಟ್ಸ್‌ನಲ್ಲಿ ಅದೇ ತುಂಡು ಅರ್ಧ ಅಲೆಯುದ್ದವಾಗಿ ಏನನ್ನೂ ಬದಲಿಸದೆ ಕೂರುತ್ತದೆ.

ಕೇಬಲಿನ ಉದ್ದದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಸೆಟ್ಟಿನಿಂದ ಆಂಟೆನಾಗೆ ಹೋಗುವ 50 ಓಮ್ ಕೇಬಲನ್ನೇ ಅಷ್ಟಿಷ್ಟು ಕತ್ತರಿಸಿ ಎಸ್‌ಡಬ್ಲ್ಯುಆರ್ ಇಳಿಸುವವರಿದ್ದಾರೆ. ಉದ್ದ ಬದಲಾದರೆ ಕೆಳತುದಿಯಲ್ಲಿ ಕಾಣುವ ಇಂಪೀಡೆನ್ಸ್ ಬದಲಾಗುತ್ತದೆ, ನಿಜ. ಆದರೆ ಎಸ್‌ಡಬ್ಲ್ಯುಆರ್ ಬದಲಾಗಬಾರದು. 150 ಓಮ್‌ನ ಆಂಟೆನಾ ಕಾಲು ಅಲೆಯುದ್ದದ ದೂರದಿಂದ 17 ಓಮ್ ಹತ್ತಿರ ಕಾಣಿಸುತ್ತದೆ, ಎರಡಕ್ಕೂ ಎಸ್‌ಡಬ್ಲ್ಯುಆರ್ ಮೂರೇ. ಒಂದೆರಡು ಮೀಟರ್ ಹೆಚ್ಚುಕಡಿಮೆ ಮಾಡಿದಾಗ ಮೀಟರ್ ಗಣನೀಯವಾಗಿ ಕದಲಿದರೆ, ಬಹುಪಾಲು ಸಂದರ್ಭದಲ್ಲಿ ಕೇಬಲಿನ ಹೊರಜಾಲರಿಯ ಹೊರಮೈಯಲ್ಲೂ ಕರೆಂಟ್ ಹರಿಯುತ್ತಿದೆ, ಕೇಬಲೇ ಆಂಟೆನಾದ ಭಾಗವಾಗಿದೆ ಎಂದರ್ಥ. ಆಂಟೆನಾದ ಬುಡದಲ್ಲಿ ಕೇಬಲನ್ನು ಫೆರೈಟ್ ಉಂಗುರದೊಳಗೆ ಕೆಲವು ಸುತ್ತು ಸುತ್ತಿದರೆ ಆ ಹರಿವು ತಗ್ಗುತ್ತದೆ. ಕತ್ತರಿ ಬೇಕಿಲ್ಲ.

ಕೇಬಲಿನ ನಷ್ಟವನ್ನು ಮನೆಯಲ್ಲೇ ಅಳೆಯುವುದು ಆಂಟೆನಾ ಕಳಚುವ ಆ ಪ್ರಯೋಗದಿಂದಲೇ ಸಾಧ್ಯ. ಸೆಟ್ಟಿನ ಪೂರ್ಣ ಶಕ್ತಿಯಲ್ಲಿ ಇದನ್ನು ಮಾಡಲೇಬಾರದು. ಅನಲೈಸರ್ ಹೊರಡಿಸುವ ಅಲೆ ಬಲು ಸಣ್ಣದು, ಅದರಿಂದ ಅಪಾಯವಿಲ್ಲ. ಆಚೆ ತುದಿ ಬರಿದಾಗಿರುವಾಗ ಎಸ್‌ಡಬ್ಲ್ಯುಆರ್ ಎಷ್ಟು ಹೆಚ್ಚು ಕಂಡರೆ ಕೇಬಲ್ ಅಷ್ಟು ಚೆನ್ನಾಗಿದೆ. 1.7 ಕಂಡರೆ ಶಕ್ತಿಯ ಮುಕ್ಕಾಲು ಭಾಗ ದಾರಿಯಲ್ಲೇ ಹೋಗುತ್ತಿದೆ. ಮಲೆನಾಡು, ಕರಾವಳಿಯಂಥ ಮಳೆ ಸುರಿಯುವ ಕಡೆ ಇದನ್ನು ಪ್ರತಿ ಮಳೆಗಾಲ ಕಳೆದ ಮೇಲೆ ಮಾಡುವುದು ಒಳ್ಳೆಯದು. ಮೇಲಿನ ಕನೆಕ್ಟರಿನ ಸಂದಿಯಿಂದ ಇಳಿದ ನೀರು ಜಾಲರಿಯ ಎಳೆಗಳ ನಡುವೆ ಹಬ್ಬುತ್ತಾ ತಾಮ್ರವನ್ನು ಕಪ್ಪಾಗಿಸುತ್ತದೆ. ಹೊರಗಿನ ಕಪ್ಪು ಹೊದಿಕೆ ಹೊಸದರಂತೆಯೇ ಇರುತ್ತದೆ. ಯಾರೂ ಏನೂ ಮಾಡದಿದ್ದರೂ ವರ್ಷದಿಂದ ವರ್ಷಕ್ಕೆ ಎಸ್‌ಡಬ್ಲ್ಯುಆರ್ ಇಳಿಯುತ್ತಾ ಬಂದರೆ, ಬ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಚೆನ್ನಾಗಿ ಕಂಡರೆ, ಆಂಟೆನಾ ಸುಧಾರಿಸಿತು ಎಂದು ಖುಷಿಪಡಬೇಡಿ. ಕನೆಕ್ಟರ್ ಬಿಚ್ಚಿ ಜಾಲರಿಯ ಬಣ್ಣ ನೋಡಿ.

ಹೀಗೆ ಹಾಳಾದ ಕೇಬಲ್ ತೆಗೆದು ದಪ್ಪನೆಯ, ಕಡಿಮೆ ನಷ್ಟದ ಕೇಬಲ್ ಎಳೆದವರಿಗೆ ಒಂದು ಆಘಾತ ಕಾದಿರುತ್ತದೆ. 145 ಮೆಗಾಹರ್ಟ್ಸ್‌ನ ಆಂಟೆನಾದ ನಿಜವಾದ ಎಸ್‌ಡಬ್ಲ್ಯುಆರ್ ಮೂರು ಇತ್ತು ಎನ್ನಿ. ಹಳೆಯ ಆರ್‌ಜಿ-58ರ ಕೆಳತುದಿಯಲ್ಲಿ ಅದು 1.3 ಎಂದು ಕಾಣುತ್ತಿತ್ತು. 30 ಮೀಟರಿನಲ್ಲಿ ಶೇಕಡಾ 70ರಷ್ಟು ಶಕ್ತಿಯನ್ನು ದಾಟಿಸುವ ಹೊಸ ಕೇಬಲ್ ಹಾಕಿದ ಕೂಡಲೇ ಮೀಟರ್ 2.1 ತೋರಿಸುತ್ತದೆ. ಸಾವಿರಾರು ರೂಪಾಯಿ ಕೊಟ್ಟ ಕೇಬಲ್ ಸರಿಯಿಲ್ಲ ಎಂದು ಅಂಗಡಿಗೆ ಒಯ್ಯಬೇಕು ಅನಿಸುವುದು ಆಗಲೇ. ಲೆಕ್ಕ ಹಾಕಿ ನೋಡಿ: ಹಳೆಯ ಕೇಬಲಿನಲ್ಲಿ 50 ವಾಟಿಗೆ 12.5 ಮೇಲೆ ತಲುಪಿ, ಅದರಲ್ಲಿ ಮುಕ್ಕಾಲು ಪಾಲು, ಅಂದರೆ 9 ವಾಟ್ ಚಿಲ್ಲರೆ ಆಂಟೆನಾಗೆ ಸೇರುತ್ತಿತ್ತು. ಹೊಸದರಲ್ಲಿ 35 ತಲುಪಿ, 26 ವಾಟ್ ಸೇರುತ್ತಿದೆ, ಸೆಟ್ ತಾನಾಗಿ ಶಕ್ತಿ ತಗ್ಗಿಸಿಕೊಳ್ಳದಿದ್ದರೆ. ಮುಂದಿನ ಕೆಲಸ ಇರುವುದು ತಾರಸಿಯ ಮೇಲೆ, ಆಂಟೆನಾದ ಕಡ್ಡಿಯ ಉದ್ದ ತಿದ್ದುವುದರಲ್ಲಿ.